ಹೊಕ್ಕುಳಿಂದ ಬಲಕ್ಕಿಳಿಯುವ ನೋವು

ಕಾಯಿ ಸುಲಿಯುವವರಿಗೆ ಹೊಟ್ಟೆನೋವು ಬಂದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯಿ ಚುಚ್ಚಿ, ಮೈಭಾರ ಹಾಕಿ ಸಿಪ್ಪೆ ತಿರುವುವಾಗ ಹೊಟ್ಟೆಯ ಸ್ನಾಯುಗಳೆಲ್ಲ ಬಿಗಿಯುತ್ತವೆ, ಅದೂ ದಿನಕ್ಕೆ ನೂರಾರು ಸಲ. ಹಾಗಾಗಿ ಚಿಕ್ಕನಾಯಕನಹಳ್ಳಿ, ಹುಳಿಯಾರು ಕಡೆಯ ತೋಟದಲ್ಲಿ ದುಡಿಯುವ ಹುಡುಗ ಹೊಟ್ಟೆ ಹಿಡಿದುಕೊಂಡು ಕೂತರೆ ಮನೆಯವರ ಮೊದಲ ಮಾತು ‘ಉಳುಕಿರಬೇಕು’, ಎರಡನೆಯದು ‘ಗ್ಯಾಸ್ಟ್ರಿಕ್’. ಬಹಳ ಸಲ ಅದು ನಿಜವೂ ಹೌದು.

ನಿಜವಲ್ಲದ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳೋಣ. ಹುಡುಗನಿಗೆ 19 ವರ್ಷ. ಸಂಜೆ 6 ಗಂಟೆಗೆ ಹೊಕ್ಕುಳ ಸುತ್ತ ಏನೋ ಹಿಂಡಿದ ಹಾಗೆ. ಎಲ್ಲಿ ಎಂದು ಕೇಳಿದರೆ ಬೆರಳಿಟ್ಟು ತೋರಿಸಲಾರ, ಅಂಗೈಯನ್ನೇ ಹೊಟ್ಟೆಯ ಮೇಲೆ ಆಡಿಸುತ್ತಾನೆ. ರಾತ್ರಿ ಮುದ್ದೆ ಬೇಡ ಎಂದ. 10 ಗಂಟೆಗೆ ಒಮ್ಮೆ ವಾಂತಿಯಾಯಿತು. ಬೆಳಗಿನ ಜಾವ 3ರ ಹೊತ್ತಿಗೆ ನಡುವಿನ ನೋವು ಮಾಸಿ, ಬಲಗಡೆ ಕೆಳಹೊಟ್ಟೆಯಲ್ಲಿ ಹರಿತವಾದ ಇನ್ನೊಂದು ನೋವು ನೆಲೆಯೂರಿತು. ಈಗ ಅವನು ಒಂದೇ ಬೆರಳಿನಲ್ಲಿ ಜಾಗ ತೋರಿಸುತ್ತಾನೆ. ಮಗ್ಗುಲು ಬದಲಿಸಲೂ ಹೆದರಿಕೆ. ಅಪೆಂಡಿಸೈಟಿಸ್ ಹೆಚ್ಚಾಗಿ ಬರುವುದು ಇದೇ ದಾರಿಯಲ್ಲಿ, ಇದೇ ಸರದಿಯಲ್ಲಿ.

ನೋವು ಜಾಗ ಬದಲಿಸುವುದಕ್ಕೆ ಕಾರಣ ನರಗಳ ಜೋಡಣೆ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವಲ್ಲಿಂದ ಸ್ವಲ್ಪ ಕೆಳಗೆ, ಕಿರುಬೆರಳಿನಂತೆ ಜೋತುಬಿದ್ದ ಕುರುಡು ಕೊಳವೆಯೇ ಅಪೆಂಡಿಕ್ಸ್. ಒಂದು ಕಡೆ ಮಾತ್ರ ಬಾಯಿ. ಆ ಬಾಯಿಗೆ ಗಟ್ಟಿಯಾದ ಮಲದ ಉಂಡೆ ಸಿಕ್ಕಿಕೊಂಡರೆ, ಅಥವಾ ಅದರ ಗೋಡೆಯಲ್ಲಿರುವ ದುಗ್ಧಗ್ರಂಥಿಯ ಅಂಗಾಂಶ ಊದಿಕೊಂಡರೆ, ಒಳಗೆ ಒಸರುವ ಲೋಳೆಗೆ ಹೊರದಾರಿ ಇರುವುದಿಲ್ಲ. ಕೊಳವೆ ಉಬ್ಬುತ್ತದೆ. ಉಬ್ಬಿದ ಕರುಳಿನ ಸುದ್ದಿ ಬೆನ್ನುಹುರಿಗೆ ಸೇರುವುದು ಎದೆಭಾಗದ 10ನೆಯ ನರದ ಮಟ್ಟದಲ್ಲಿ. ಹೊಕ್ಕುಳ ಸುತ್ತಲಿನ ಚರ್ಮದ ಸುದ್ದಿ ಬರುವುದೂ ಅಲ್ಲಿಗೇ. ಮಿದುಳಿಗೆ ಎರಡರ ವ್ಯತ್ಯಾಸ ತಿಳಿಯದೆ ನೋವನ್ನು ಹೊಕ್ಕುಳ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಗಂಟೆಗಳು ಕಳೆದ ಮೇಲೆ ಉರಿಯೂತ ಕೊಳವೆಯ ಹೊರಗೋಡೆ ದಾಟಿ ಹೊಟ್ಟೆಯ ಒಳಪೊರೆಯನ್ನು ಮುಟ್ಟುತ್ತದೆ. ಆ ಪೊರೆಯ ನರಗಳು ಜಾಗವನ್ನು ಸರಿಯಾಗಿ ಹೇಳಬಲ್ಲವು. ಹೊಕ್ಕುಳಿಗೂ ಬಲ ಸೊಂಟದ ಮುಂದಿನ ಎಲುಬಿನ ಮೊನೆಗೂ ಗೆರೆ ಎಳೆದು, ಎಲುಬಿನ ಕಡೆಯಿಂದ ಮೂರನೆಯ ಒಂದು ಪಾಲು ಬಂದರೆ ಸಿಗುವ ಜಾಗ ಅದು. ನ್ಯೂಯಾರ್ಕಿನ ಶಸ್ತ್ರವೈದ್ಯ ಮೆಕ್‌ಬರ್ನಿ 1889ರಲ್ಲಿ ಗುರುತಿಸಿದ್ದರಿಂದ ಅದಕ್ಕೆ ಅವರ ಹೆಸರೇ ನಿಂತಿದೆ.

ಆದ್ದರಿಂದ ಅನುಭವಿ ವೈದ್ಯರು ‘ಎಲ್ಲಿ ನೋಯುತ್ತೆ’ ಎಂದಷ್ಟೇ ಕೇಳಿ ಬಿಡುವುದಿಲ್ಲ. ‘ಮೊದಲು ಎಲ್ಲಿ ಶುರುವಾಯ್ತಪ್ಪ, ಆಮೇಲೆ ಎಲ್ಲಿಗೆ ಬಂತು? ವಾಂತಿ ನೋವಿಗೆ ಮೊದಲೋ, ಆಮೇಲೋ?’ ಎಂದು ಕೆದಕುತ್ತಾರೆ. ವಾಂತಿ ಮೊದಲು ಬಂದು ನೋವು ಹಿಂದಿನಿಂದ ಬಂದಿದ್ದರೆ ಊಟದ ವ್ಯತ್ಯಾಸದಿಂದಾದ ಕರುಳುಬೇನೆಯ ಅನುಮಾನ ಹೆಚ್ಚು. 1986ರಲ್ಲಿ ಅಲ್ವರಾಡೊ ಎಂಬ ವೈದ್ಯರು ಅಪೆಂಡಿಸೈಟಿಸ್ ಗುರುತಿಸಲು 10 ಅಂಕಗಳ ಲೆಕ್ಕವೊಂದನ್ನು ಮಾಡಿಟ್ಟರು. ನಮ್ಮ ಹುಡುಗನಿಗೆ ಸಣ್ಣ ಜ್ವರವೂ ಇದೆ, ಒತ್ತಿದರೆ ನೋವೂ ಇದೆ ಎಂದುಕೊಂಡು ಅವನಿಗೇ ಹಾಕಿ ನೋಡೋಣ. ನೋವು ಜಾಗ ಬದಲಿಸಿದ್ದಕ್ಕೆ 1, ಊಟ ಬೇಡವಾದದ್ದಕ್ಕೆ 1, ವಾಂತಿಗೆ 1, ಬಲ ಕೆಳಹೊಟ್ಟೆ ಒತ್ತಿದರೆ ನೋಯುವುದಕ್ಕೆ 2, ಒತ್ತಿದ ಕೈ ತಟ್ಟನೆ ತೆಗೆದಾಗ ಚುರುಕ್ ಎನ್ನುವುದಕ್ಕೆ 1, ಸಣ್ಣ ಜ್ವರಕ್ಕೆ 1. ಒಟ್ಟು 7 ಆಯಿತು. ಉಳಿದ 3 ಅಂಕ ಬಿಳಿ ರಕ್ತಕಣಗಳ ಎಣಿಕೆಯದು. ಸ್ಕ್ಯಾನಿಂಗ್ ಇಲ್ಲದ ಊರಿನಲ್ಲಿ, ರಾತ್ರಿ 3 ಗಂಟೆಗೆ, ಮಾತು ಮತ್ತು ಕೈಯಿಂದಲೇ ಇಷ್ಟು ತಿಳಿಯುತ್ತದೆ ಎನ್ನುವುದು ಸಣ್ಣ ವಿಷಯವಲ್ಲ. ಇನ್ನೂ ಸುಲಭದ ಒಂದು ಗುರುತಿದೆ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವಾಗ ರಸ್ತೆಯ ಪ್ರತಿ ಹಂಪಿಗೂ ಹುಡುಗ ಹಲ್ಲು ಕಚ್ಚಿದರೆ ಒಳಪೊರೆ ಕೆರಳಿದೆ ಎಂದು ಅರ್ಥ. ಹಂಪು ಹಾರಿದರೂ ಏನೂ ಅನಿಸದಿದ್ದರೆ ಅಪೆಂಡಿಸೈಟಿಸ್‌ನ ಸಂಭವ ಕಡಿಮೆ.

ಎಲ್ಲರಲ್ಲೂ ಇಷ್ಟು ಸಲೀಸಾಗಿ ನಡೆಯುವುದಿಲ್ಲ. ಅಪೆಂಡಿಕ್ಸಿನ ಬುಡ ಒಂದೇ ಕಡೆ ಇದ್ದರೂ ತುದಿ ಎತ್ತಲಾದರೂ ತಿರುಗಿರಬಹುದು. ದೊಡ್ಡ ಕರುಳಿನ ಹಿಂದೆ ಅಡಗಿದ್ದರೆ ನೋವು ಪಕ್ಕೆಗೆ, ಬೆನ್ನಿಗೆ ಹೋಗುತ್ತದೆ, ಮುಂದಿನಿಂದ ಒತ್ತಿದರೆ ಅಷ್ಟೇನೂ ನೋಯುವುದಿಲ್ಲ. ಕೆಳಗೆ ಇಳಿಬಿದ್ದಿದ್ದರೆ ಮೂತ್ರಕೋಶವನ್ನೋ ಗುದನಾಳವನ್ನೋ ಕೆಣಕಿ, ಪದೇ ಪದೇ ಮೂತ್ರ, ಸ್ವಲ್ಪ ಸ್ವಲ್ಪ ಭೇದಿ ಕಾಣಿಸುತ್ತದೆ. ಗರ್ಭಿಣಿಯರಲ್ಲಿ ತಿಂಗಳು ತುಂಬುತ್ತಾ ನೋವಿನ ಜಾಗ ಮೇಲಕ್ಕೆ ಸರಿಯಬಹುದು.

ಬೇರೆ ರೋಗಗಳೂ ಅಪೆಂಡಿಸೈಟಿಸ್‌ನಂತೆ ಕಾಣಿಸಬಹುದು. ಬೇಸಿಗೆಯಲ್ಲಿ ಬಿಸಿಲಲ್ಲಿ ಬೆವರಿ, ನೀರು ಸಾಕಷ್ಟು ಕುಡಿಯದ ಮೈಗೆ ಮೂತ್ರದ ಕಲ್ಲಿನ ನೋವು ಹೆಚ್ಚು. ಬಲಗಡೆಯ ಮೂತ್ರನಾಳದಲ್ಲಿ ಸಿಕ್ಕಿದ ಕಲ್ಲು ಅಪೆಂಡಿಕ್ಸಿನ ವೇಷ ಹಾಕುತ್ತದೆ. ಆದರೆ ರೋಗಿಯನ್ನು ದೂರದಿಂದ ನೋಡಿದರೂ ವ್ಯತ್ಯಾಸ ಕಾಣುತ್ತದೆ. ಕಲ್ಲಿನ ನೋವಿನವನು ಹೊರಳಾಡುತ್ತಾನೆ, ಎದ್ದು ತಿರುಗುತ್ತಾನೆ, ಒಂದು ಕಡೆ ನಿಲ್ಲಲಾರ. ಅಪೆಂಡಿಕ್ಸಿನವನು ಕಾಲು ಮಡಚಿ ಅಲುಗಾಡದೆ ಮಲಗುತ್ತಾನೆ. ಕಲ್ಲಿನ ನೋವು ಬೆನ್ನಿನ ಪಕ್ಕೆಯಿಂದ ಹೊರಟು ತೊಡೆಸಂದಿಗೆ ಹರಿಯುತ್ತದೆ, ಅಲೆ ಅಲೆಯಾಗಿ ಬರುತ್ತದೆ. ಮೂತ್ರಪರೀಕ್ಷೆಯಲ್ಲಿ ರಕ್ತಕಣ ಕಂಡರೆ ಕಲ್ಲಿನ ಕಡೆಗೆ ವಾಲಬಹುದು. ಮೂತ್ರನಾಳಕ್ಕೆ ತಾಗಿಕೊಂಡ ಅಪೆಂಡಿಕ್ಸ್ ಕೂಡ ಒಂದಷ್ಟು ರಕ್ತಕಣ ತೋರಿಸಬಲ್ಲದಾದ್ದರಿಂದ ಅದೊಂದನ್ನೇ ನಂಬುವಂತಿಲ್ಲ.

ಹೆಣ್ಣುಮಕ್ಕಳಲ್ಲಿ ಗೊಂದಲ ಇನ್ನೂ ಹೆಚ್ಚು. ಅಂಡಾಶಯ ತಿರುಚಿಕೊಂಡರೆ ನೋವು ಒಮ್ಮೆಗೇ ಬರುತ್ತದೆ, ಹೊಕ್ಕುಳಿನಿಂದ ನಿಧಾನ ಇಳಿಯುವುದಿಲ್ಲ. ಗರ್ಭ ನಾಳದಲ್ಲೇ ನಿಂತು ನಾಳ ಒಡೆದರೆ ತಲೆಸುತ್ತು, ಮುಖ ಬಿಳಿಚುವುದು ಜೊತೆಗಿರುತ್ತವೆ. ಇದು ಅಪೆಂಡಿಕ್ಸಿಗಿಂತ ಬೇಗ ಪ್ರಾಣ ತೆಗೆಯುತ್ತದೆ. ಹೆರುವ ವಯಸ್ಸಿನ ಯಾರೇ ಆಗಲಿ, ಇಂಥ ನೋವಿಗೆ ಮೂತ್ರದ ಗರ್ಭಪರೀಕ್ಷೆ ಮಾಡಲೇಬೇಕು. ಜೊತೆಗೆ ಬಂದ ಅತ್ತೆಯ ಮುಂದೆ ‘ಗರ್ಭಿಣಿಯಾ’ ಎಂದು ಕೇಳಿದರೆ ಸಿಗುವ ಉತ್ತರವನ್ನು ಮಾತ್ರ ನಂಬಬಾರದು. ಮಕ್ಕಳಲ್ಲಿ ನೆಗಡಿ, ಗಂಟಲುನೋವಿನ ಹಿಂದೆಯೇ ಕರುಳಿನ ಪಕ್ಕದ ಗ್ರಂಥಿಗಳು ಊದಿ ಇದೇ ಜಾಗದಲ್ಲಿ ನೋವು ಬರುವುದುಂಟು. ಹುಡುಗರಲ್ಲಿ ಬೀಜ ತಿರುಚಿಕೊಂಡರೂ ಕೆಳಹೊಟ್ಟೆ ನೋವು ಎಂದೇ ಹೇಳುತ್ತಾರೆ, ನಾಚಿಕೆಯಿಂದ. ಚಡ್ಡಿ ಬಿಚ್ಚಿಸಿ ನೋಡದ ಪರೀಕ್ಷೆ ಅರ್ಧ ಪರೀಕ್ಷೆ. ವಾರದಿಂದ ಜ್ವರವಿದ್ದು ಆಮೇಲೆ ಬಲಗಡೆ ನೋವು ಬಂದರೆ ಟೈಫಾಯಿಡ್ ನೆನಪಾಗಬೇಕು.

ಅಲ್ಟ್ರಾಸೌಂಡಿನ ಬಗ್ಗೆಯೂ ಒಂದು ಮಾತು. ವರದಿಯಲ್ಲಿ ‘ಅಪೆಂಡಿಕ್ಸ್ ಕಾಣಲಿಲ್ಲ’ ಎಂದು ಬರೆದಿದ್ದರೆ ‘ಅಪೆಂಡಿಕ್ಸಿಗೆ ಏನೂ ಆಗಿಲ್ಲ’ ಎಂದಲ್ಲ. ಕರುಳಿನ ಗಾಳಿ ಅಡ್ಡ ಬಂದಿರಬಹುದು, ಅಷ್ಟೇ. ಅನುಮಾನ ಉಳಿದರೆ ಸಿಟಿ ಸ್ಕ್ಯಾನ್, ಇಲ್ಲವೆ ಕೆಲವು ಗಂಟೆ ಬಿಟ್ಟು ಅದೇ ಕೈಯಿಂದ ಮತ್ತೊಮ್ಮೆ ಹೊಟ್ಟೆ ಮುಟ್ಟಿ ನೋಡುವುದು.

ಮನೆಯಲ್ಲಿ ಆಗುವ ದೊಡ್ಡ ಅನಾಹುತ ಹರಳೆಣ್ಣೆಯದು. ಹೊಟ್ಟೆ ಕಟ್ಟಿದೆ ಎಂದು ಭೇದಿಗೆ ಕೊಟ್ಟರೆ ಕರುಳು ಹಿಂಡಿ, ಉಬ್ಬಿದ ಕೊಳವೆ ಒಡೆಯುವ ಸಾಧ್ಯತೆ ಏರುತ್ತದೆ. ಹೊಕ್ಕುಳು ಜಾರಿದೆ ಎಂದು ಹೊಟ್ಟೆ ನೀವುವುದೂ ಬೇಡ. ಆಪರೇಷನ್ ಆಗಬಹುದಾದ್ದರಿಂದ ಎಳನೀರೂ ಸೇರಿ ಏನನ್ನೂ ಕೊಡದೆ ಕರೆತರುವುದು ಸರಿ. ಇನ್ನು ಆಸ್ಪತ್ರೆಯಲ್ಲಿ ನೋವಿನ ಇಂಜೆಕ್ಷನ್ ಕೊಟ್ಟರೆ ರೋಗ ಮುಚ್ಚಿಹೋಗುತ್ತದೆ ಎಂಬುದು ಹಳೆಯ ಹೆದರಿಕೆ, ಅದು ನಿಜವೆಂದು ಸಾಬೀತಾಗಲಿಲ್ಲ.

ಮೊದಲ ದಿನ ದಾಟಿದಂತೆ ಕೊಳವೆ ಒಡೆಯುವ ಅಪಾಯ ಹೆಚ್ಚುತ್ತದೆ. ಒಡೆದ ಗಳಿಗೆಯಲ್ಲಿ ಒಳಗಿನ ಒತ್ತಡ ಇಳಿದು ನೋವು ಒಮ್ಮೆಲೇ ಕಡಿಮೆಯಾಗಬಹುದು. ‘ವಾಸಿಯಾಯ್ತು’ ಎಂದು ಮಲಗಿದವನ ಹೊಟ್ಟೆ ಕೆಲವು ಗಂಟೆಗಳಲ್ಲಿ ಹಲಗೆಯಾಗಿ, ಜ್ವರ, ನಾಡಿ ಎರಡೂ ಏರುತ್ತವೆ. ಕೆಲವರಲ್ಲಿ ಮಾತ್ರ ಸುತ್ತಲಿನ ಕರುಳು, ಕೊಬ್ಬಿನ ಪೊರೆ ಬಂದು ಅಪೆಂಡಿಕ್ಸನ್ನು ಮುತ್ತಿಕೊಂಡು ನಾಲ್ಕೈದನೆಯ ದಿನಕ್ಕೆ ಕೈಗೆ ಸಿಗುವ ಗಡ್ಡೆಯಾಗುತ್ತದೆ. ಆಗ ವೈದ್ಯರು ಕೂಡಲೇ ಕತ್ತರಿ ಹಿಡಿಯದೆ ಆಂಟಿಬಯೋಟಿಕ್ ಕೊಟ್ಟು ಕಾಯುವುದುಂಟು, ಕೀವು ಕಟ್ಟಿದ್ದರೆ ಸೂಜಿಯಿಂದ ಹೊರತೆಗೆಯುತ್ತಾರೆ. ವಯಸ್ಸು 40 ದಾಟಿದವರಾದರೆ ಗಡ್ಡೆ ಕರಗಿದ ಮೇಲೂ ಬಿಡದೆ ಕರುಳಿನೊಳಗೆ ಕೊಳವೆ ಕ್ಯಾಮೆರಾ ಹಾಕಿ ನೋಡುತ್ತಾರೆ, ಏಕೆಂದರೆ ಅದೇ ಜಾಗದ ಕ್ಯಾನ್ಸರ್ ಕೂಡ ಮೊದಲ ಸಲ ಹೀಗೆಯೇ ಕಾಣಿಸಿಕೊಳ್ಳಬಹುದು.