ಮೀಟರ್ ಒಂದು ಹೇಳಿತು, ಸ್ಟೆಪ್ನಿ ಇನ್ನೊಂದು

"ಭಾವ, ಬಿಡಬಾರದ ಗಾಡಿ ಇದು" ಎಂದು ಹಾಸನದಿಂದ ನನ್ನ ಭಾವಮೈದ 2025ರ ಶುರುವಿನಲ್ಲಿ ಒಂದು ಜಾಹೀರಾತನ್ನು ಮೊಬೈಲಿಗೆ ಕಳಿಸಿದ. 2017ರ ಪೆಟ್ರೋಲ್ ಕಾರು, ಸಿಂಗಲ್ ಓನರ್, 42,000 ಕಿಲೋಮೀಟರ್, ಶೋರೂಮ್ ಸರ್ವಿಸ್, ಟೈರ್ ಎಂಬತ್ತು ಪರ್ಸೆಂಟ್, ಇನ್ಶೂರೆನ್ಸ್ ಚಾಲ್ತಿ, ಆಕ್ಸಿಡೆಂಟ್ ಆಗಿಲ್ಲ. ಇಂಥ ಜಾಹೀರಾತಿನ ಒಂದೊಂದು ಸಾಲನ್ನೂ ಬಿಡಿಬಿಡಿಯಾಗಿ ಓದಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಒಂದು ಸಾಲನ್ನು ಇನ್ನೊಂದರ ಎದುರಿಗೆ ನಿಲ್ಲಿಸಿ ಕೇಳಬೇಕು. ಅದರಲ್ಲೂ ಕಿಲೋಮೀಟರಿನ ಸಾಲನ್ನು. ಈಗಿನ ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸಲು ಸ್ಕ್ರೂಡ್ರೈವರ್ ಕೂಡ ಬೇಕಾಗಿಲ್ಲ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಒಂದು ಯಂತ್ರ ಸಿಕ್ಕಿಸಿ ಬೇಕಾದ ಅಂಕಿ ಕೂರಿಸುವವರಿದ್ದಾರೆ.

ಮುಂದಿನ ಭಾನುವಾರ ಗಾಡಿ ನೋಡಲು ಹೋದೆವು. ಆರ್‌ಸಿ ತೆಗೆಸಿ ನೋಡಿದರೆ ಓನರ್ ಸೀರಿಯಲ್ ಒಂದೇ ಇತ್ತು, ಬ್ಯಾಂಕಿನ ಹೆಸರೂ ಇರಲಿಲ್ಲ. ಅಲ್ಲಿಗೆ ಆ ಸಾಲು ನಿಜ. ಹಾಗೆಂದು ಗಾಡಿ ಒಬ್ಬರ ಕೈಯಲ್ಲೇ ಓಡಿದೆ ಎಂದಲ್ಲ. ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿಸಿಕೊಂಡ ಬ್ರೋಕರ್ ಅದನ್ನು ವರ್ಷಗಟ್ಟಲೆ ತನ್ನ ಬಳಿ ಇಟ್ಟುಕೊಂಡರೂ ಆರ್‌ಸಿಯಲ್ಲಿ ಹೊಸ ಹೆಸರು ಬರುವುದಿಲ್ಲ.

ನಾನು ಟೈರಿನ ಬಳಿ ಕುಕ್ಕರುಗಾಲಲ್ಲಿ ಕೂತೆ. ಪ್ರತಿ ಟೈರಿನ ಪಕ್ಕದ ಗೋಡೆಯಲ್ಲಿ DOT ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕು ಚಕ್ರದಲ್ಲೂ 3022, ಅಂದರೆ 2022ರ 30ನೇ ವಾರ. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯಲ್ಲಿ ಮಾತ್ರ 1017, ಗಾಡಿಯ ಜೊತೆಗೇ ಬಂದದ್ದು. ಅಲ್ಲಿಗೆ ಮೊದಲ ಜೊತೆ ಟೈರು 2022ರ ಹೊತ್ತಿಗೆ ಮುಗಿದಿದ್ದವು. ಸಣ್ಣ ಕಾರಿನ ಟೈರು ಸಾಧಾರಣ ನಲವತ್ತು-ಐವತ್ತು ಸಾವಿರ ಕಿಲೋಮೀಟರ್ ಬಾಳುತ್ತದೆ. ಹಾಗಾದರೆ 42,000 ಆಗಲೇ ಆಗಿತ್ತಲ್ಲ, ಆಮೇಲಿನ ಎರಡೂವರೆ ವರ್ಷ ಗಾಡಿ ಏನು ಮಾಡುತ್ತಿತ್ತು?

ಇದೊಂದರಿಂದಲೇ ಮೋಸ ಎನ್ನಲಾಗದು. ಬಿಸಿಲಲ್ಲಿ ನಿಂತೇ ಇದ್ದ ಗಾಡಿಯ ರಬ್ಬರು ಐದಾರು ವರ್ಷಕ್ಕೆ ಬಿರುಕು ಬಿಡುತ್ತದೆ, ಸವೆಯದಿದ್ದರೂ ಬದಲಿಸಬೇಕಾಗುತ್ತದೆ. ಅದಕ್ಕೇ ಸರ್ವಿಸ್ ಪುಸ್ತಕ ಕೇಳಿದೆ. 2018ರಲ್ಲಿ 9,800, 2019ರಲ್ಲಿ 20,600, 2020ರಲ್ಲಿ 29,100. ಮೂರು ಮೊಹರು, ಆಮೇಲೆ ಖಾಲಿ ಹಾಳೆ. "ಲಾಕ್‌ಡೌನ್ ಆಯ್ತಲ್ಲ ಸಾರ್, ಆಮೇಲೆ ಹೊರಗಡೆ ಮೆಕ್ಯಾನಿಕ್ ಹತ್ರಾನೇ ಮಾಡಿಸ್ತಿದ್ವಿ" ಎಂದರು ಮಾರುವವರು. ಇರಬಹುದು, ತುಂಬಾ ಜನ ಹಾಗೇ ಮಾಡುತ್ತಾರೆ. ಆದರೆ ಪುಸ್ತಕ ಖಾಲಿಯಿದ್ದರೂ ಶೋರೂಮಿನ ಕಂಪ್ಯೂಟರು ಖಾಲಿಯಿರಬೇಕೆಂದಿಲ್ಲ. ಸರ್ವಿಸ್ ಸೆಂಟರಿಗೆ ಅವರಿಂದಲೇ ಫೋನ್ ಮಾಡಿಸಿ, ಗಾಡಿ ನಂಬರ್ ಕೊಟ್ಟು ಹಳೆಯ ಸರ್ವಿಸ್ ವಿವರ ಕಳಿಸಿ ಎಂದು ಕೇಳಿಸಿದೆವು. ಕೊನೆಯ ನಮೂದು 2022ರ ಫೆಬ್ರವರಿ, 52,300 ಕಿಲೋಮೀಟರ್. ಭಾವಮೈದ ಮೀಟರನ್ನು ಇನ್ನೊಂದು ಸಲ ಬಗ್ಗಿ ನೋಡಿದ. ಅದರಲ್ಲಿ ಇನ್ನೂ ನಲವತ್ತೆರಡೇ ಸಾವಿರ.

ಅಷ್ಟಕ್ಕೇ ಎದ್ದು ಬರಬಹುದಿತ್ತು. ಕುತೂಹಲಕ್ಕೆ ಇನ್ಶೂರೆನ್ಸ್ ಕಾಗದವನ್ನೂ ಬಿಡಿಸಿದೆ. "ಚಾಲ್ತಿ" ಎಂಬ ಮಾತು ಥರ್ಡ್ ಪಾರ್ಟಿಗೂ ಸಲ್ಲುತ್ತದೆ, ಫುಲ್ ಇನ್ಶೂರೆನ್ಸಿಗೂ ಸಲ್ಲುತ್ತದೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ನಮ್ಮ ಗಾಡಿಯ ಡ್ಯಾಮೇಜಿಗೆ ಬಿಡಿಗಾಸೂ ಬರುವುದಿಲ್ಲ. ಇಲ್ಲಿದ್ದದ್ದು ಫುಲ್ಲೇ. ಆದರೆ ನೋ ಕ್ಲೇಮ್ ಬೋನಸ್ ಎಂಬ ಕಡೆ ಸೊನ್ನೆ. ಸತತ ಐದು ವರ್ಷ ಕ್ಲೇಮ್ ಮಾಡದಿದ್ದವರಿಗೆ ಅಲ್ಲಿ ಶೇ. 50 ಇರುತ್ತದೆ. ಒಬ್ಬರೇ ಓನರ್ ಇರುವ ಏಳು ವರ್ಷ ದಾಟಿದ ಗಾಡಿಗೆ ಸೊನ್ನೆ ಬರಬೇಕಾದರೆ ಪಾಲಿಸಿ ನಡುವೆ ತೊಂಬತ್ತು ದಿನಕ್ಕಿಂತ ಹೆಚ್ಚು ತಪ್ಪಿಹೋಗಿರಬೇಕು, ಇಲ್ಲವೇ ಹಿಂದಿನ ವರ್ಷ ಕ್ಲೇಮ್ ಆಗಿರಬೇಕು. ಗಾಡಿಯ ಮುಂದೆ ಬಂದು ನಿಂತೆ. ಬಲಗಡೆಯ ಹೆಡ್‌ಲೈಟಿನ ಪ್ಲಾಸ್ಟಿಕ್ ಹಳದಿಗಟ್ಟಿದೆ, ಎಡಗಡೆಯದು ಕನ್ನಡಿಯಂತೆ ಥಳಥಳ. ಬಾನೆಟ್ ಎತ್ತಿದರೆ ಎಡ ಮಡ್ಗಾರ್ಡಿನ ಬೋಲ್ಟುಗಳ ಅಂಚಿನಲ್ಲಿ ಪೇಂಟ್ ಎದ್ದಿದೆ. ಸ್ಪ್ಯಾನರ್ ಮುಟ್ಟಿದ ಗುರುತು.

"ಅಯ್ಯೋ, ಬರೀ ಬಂಪರ್ ತಾಗಿದ್ದು" ಎಂದರು ಅವರು. ನಿಜವೇ ಇರಬೇಕು. ಒಳಗಿನ ಚಾಸಿಸ್ ನೆಟ್ಟಗಿತ್ತು, ಕಂಪನಿಯ ಸ್ಪಾಟ್ ವೆಲ್ಡಿಂಗ್ ಚುಕ್ಕೆಗಳು ಎರಡೂ ಕಡೆ ಒಂದೇ ಸಮನಾಗಿದ್ದವು. ಅಂಥ ರಿಪೇರಿಯನ್ನು ಜಾಹೀರಾತಿನಲ್ಲೇ ಬರೆದಿದ್ದರೆ ಯಾರೂ ಹಿಂದೆ ಸರಿಯುತ್ತಿರಲಿಲ್ಲ.

ಎಂಬತ್ತು ಸಾವಿರ ಓಡಿದ ಪೆಟ್ರೋಲ್ ಕಾರು ಕೆಟ್ಟ ಕಾರೇನಲ್ಲ. ಕ್ಲಚ್ಚು, ಸಸ್ಪೆನ್ಶನ್ ಬುಷ್ಷುಗಳ ಖರ್ಚು ಹತ್ತಿರದಲ್ಲಿದೆ ಎಂದು ಲೆಕ್ಕ ಹಾಕಿ ರೇಟು ಕಟ್ಟಬೇಕು, ಅಷ್ಟೇ. ಭಾವಮೈದ ಹಾಗೇ ಲೆಕ್ಕ ಹಾಕಿ ಎಪ್ಪತ್ತು ಸಾವಿರ ಇಳಿಸಿ ಕೇಳಿದ. ಕೊಂಡರೆ ಹದಿನಾಲ್ಕು ದಿನದೊಳಗೆ ಪಾಲಿಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಮಾತೂ ಆಡಿದ. ಮಾರುವವರು ತಲೆ ಆಡಿಸಲಿಲ್ಲ. ಕಾಫಿ ಕೊಟ್ಟರು, ಕುಡಿದು ಎದ್ದು ಬಂದೆವು.