ಒಂದೇ ವಿಳಾಸ, ಮೂರು ಬೀದಿ

ಆರ್ಡುಯಿನೊ ಊನೊ ಬೋರ್ಡಿನ ಮೇಲಿರುವ ಮುಖ್ಯ ಚಿಪ್ ಎಟಿಮೆಗಾ328ಪಿ, ಎಂಟು ಬಿಟ್‌ನ ಮೈಕ್ರೊಕಂಟ್ರೋಲರ್. ಅದರೊಳಗೆ 0x0100 ಎಂಬ ವಿಳಾಸದಲ್ಲಿ ಏನಿದೆ ಎಂದು ಕೇಳಿದರೆ ಮೂರು ಉತ್ತರ ಬರುತ್ತವೆ. ಫ್ಲ್ಯಾಶ್‌ನಲ್ಲಿ ಒಂದು 0x0100 ಇದೆ, ರ‍್ಯಾಮ್‌ನಲ್ಲಿ ಇನ್ನೊಂದು, ಇಇಪ್ರಾಮ್‌ನಲ್ಲಿ ಮತ್ತೊಂದು. ಮೂರು ಬೀದಿಗಳಲ್ಲೂ ಮನೆ ನಂಬರು ಒಂದರಿಂದಲೇ ಶುರುವಾಗುವ ಊರಿದ್ದಂತೆ. ಯಾವ ಬೀದಿ ಎಂಬುದನ್ನು ವಿಳಾಸ ಹೇಳುವುದಿಲ್ಲ, ಅದನ್ನು ಬಳಸುವ ಆಜ್ಞೆ ಹೇಳುತ್ತದೆ.

ಫ್ಲ್ಯಾಶ್ 32 ಕಿಲೊಬೈಟ್. ನಾವು ಬರೆದ ಪ್ರೋಗ್ರಾಂ ಇರುವುದು ಅಲ್ಲಿ; ಕರೆಂಟ್ ಹೋದರೂ ಅಳಿಯದು. ರ‍್ಯಾಮ್ ಬರೀ 2,048 ಬೈಟ್, ಕರೆಂಟ್ ಹೋದರೆ ಖಾಲಿ. ಇಇಪ್ರಾಮ್ 1,024 ಬೈಟ್.

ರ‍್ಯಾಮ್‌ನ ಬೀದಿ ಮಾತ್ರ ಸ್ವಲ್ಪ ವಿಚಿತ್ರ. ಅದರ ಮೊದಲ 256 ವಿಳಾಸಗಳಲ್ಲಿ ರ‍್ಯಾಮ್ ಇಲ್ಲವೇ ಇಲ್ಲ. ಮೊದಲ 32 ವಿಳಾಸಗಳು ಲೆಕ್ಕ ಮಾಡುವ ರಿಜಿಸ್ಟರುಗಳಿಗೆ, ಉಳಿದ 224 ವಿಶೇಷ ರಿಜಿಸ್ಟರುಗಳಿಗೆ ಮೀಸಲು. ಟೈಮರ್, ಸೀರಿಯಲ್ ಪೋರ್ಟ್, ಪಿನ್‌ಗಳು, ಎಲ್ಲವೂ ಇಲ್ಲಿ ಒಂದೊಂದು ವಿಳಾಸದಂತೆ ಕಾಣುತ್ತವೆ. ಬೋರ್ಡಿನ 13ನೇ ಪಿನ್ನಿನ ದೀಪ 0x25ರ ಐದನೇ ಬಿಟ್‌ಗೆ ಅಂಟಿಕೊಂಡಿದೆ. ಆ ಪಿನ್ನನ್ನು ಔಟ್‌ಪುಟ್ ಮಾಡಿದ ಮೇಲೆ ಇಷ್ಟು ಬರೆದರೆ ದೀಪ ಹತ್ತುತ್ತದೆ:

```c
*(volatile uint8_t *)0x25 |= (1 << 5);
```

ನೆನಪಿಗೆ ಬರೆಯುವುದಕ್ಕೂ ದೀಪ ಹಚ್ಚುವುದಕ್ಕೂ ಇಲ್ಲಿ ವ್ಯತ್ಯಾಸವೇ ಇಲ್ಲ. ಅಪಾಯವೂ ಅಲ್ಲೇ ಇದೆ. ದಾರಿ ತಪ್ಪಿದ ಪಾಯಿಂಟರ್ ಒಂದು ಈ ಜಾಗಕ್ಕೆ ನುಗ್ಗಿದರೆ ತಡೆಯುವವರಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಟೈಮರೋ ಪಿನ್ನೋ ತನ್ನಷ್ಟಕ್ಕೆ ಬದಲಾಗಿಬಿಡುತ್ತದೆ.

ನಿಜವಾದ ರ‍್ಯಾಮ್ 0x0100ರಿಂದ 0x08FFವರೆಗೆ. ಪ್ರೋಗ್ರಾಮಿನ ಗ್ಲೋಬಲ್ ಚರಗಳು ಕೆಳಗಿನ ತುದಿಯಿಂದ ಜಾಗ ಹಿಡಿಯುತ್ತವೆ. ಸ್ಟ್ಯಾಕ್ ಮೇಲಿನ ತುದಿಯಿಂದ ಕೆಳಗಿಳಿಯುತ್ತದೆ. ನಡುವೆ ಬೇಲಿಯಿಲ್ಲ.

ಮಣ್ಣಿನ ತೇವ ಅಳೆದು ಎಸ್‌ಡಿ ಕಾರ್ಡಿಗೆ ಬರೆಯುವ ಸಾಧನವೊಂದನ್ನು ಕಲ್ಪಿಸಿಕೊಳ್ಳಿ. ಪರದೆಗೆ ಕಳಿಸಲು ನಲವತ್ತು ಸಂದೇಶಗಳಿವೆ, ಒಂದೊಂದರಲ್ಲಿ 30 ಅಕ್ಷರ. ಕೊನೆಯ ಸೊನ್ನೆಯೂ ಸೇರಿ 31 ಬೈಟ್, ಒಟ್ಟು 1,240. ಕಾರ್ಡಿನ ಲೈಬ್ರರಿಯ ಬಫರ್ 512, ಸೀರಿಯಲ್ ಬಫರುಗಳು 128. ಮೊತ್ತ 1,880. ಸ್ಟ್ಯಾಕ್‌ಗೆ ಉಳಿದದ್ದು 168 ಬೈಟ್, ಅದರಲ್ಲೂ ಸಣ್ಣಪುಟ್ಟ ಚರಗಳ ಪಾಲು ಬೇರೆ. 80 ಬೈಟ್‌ನ ಅರೆ ಇಟ್ಟುಕೊಂಡ ಒಂದು ಫಂಕ್ಷನ್ ಇನ್ನೆರಡನ್ನು ಕರೆದರೆ ಸಾಕು, ಸ್ಟ್ಯಾಕ್ ಇಳಿದು ಚರಗಳ ಮೇಲೆಯೇ ಕೂರುತ್ತದೆ. ಆಗ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ, ಅಥವಾ ಪ್ರೋಗ್ರಾಂ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಸಂಬಂಧವೇ ಇಲ್ಲದ ಒಂದು ಸಾಲನ್ನು ಅಳಿಸಿದರೆ ಎಲ್ಲ ಸರಿಹೋಯಿತು ಎನ್ನಿಸಿದರೂ ಇದರ ಮೇಲೆಯೇ ಅನುಮಾನ ಪಡಬೇಕು.

ಕಂಪೈಲ್ ಆದಾಗ ಐಡಿಇ ತೋರಿಸುವ ರ‍್ಯಾಮ್ ಲೆಕ್ಕದಲ್ಲಿ ಸ್ಟ್ಯಾಕ್ ಸೇರಿರುವುದಿಲ್ಲ. ಬಳಕೆ ಶೇ 75 ದಾಟಿದರೆ ‘Low memory available, stability problems may occur.’ ಎಂಬ ಸಾಲು ಬರುತ್ತದೆ. ಅದನ್ನು ಓದದೆ ಅಪ್‌ಲೋಡ್ ಒತ್ತುವವರೇ ಹೆಚ್ಚು.

ಪರಿಹಾರ ಚಿಕ್ಕದು:

```cpp
Serial.println(F("Card not found"));
```

ಸಂದೇಶಗಳು ಹೇಗೂ ಫ್ಲ್ಯಾಶ್‌ನಲ್ಲಿ ಇರುತ್ತವೆ. ಪ್ರೋಗ್ರಾಂ ಶುರುವಾಗುವಾಗ ಅವನ್ನು ರ‍್ಯಾಮ್‌ಗೆ ನಕಲು ಮಾಡಿಕೊಳ್ಳುವುದರಿಂದಲೇ ಜಾಗ ತುಂಬುವುದು. F ಎಂದರೆ ನಕಲು ಬೇಡ, ಬೇಕಾದಾಗ ಫ್ಲ್ಯಾಶ್‌ನಿಂದಲೇ ಓದು ಎಂದರ್ಥ. ಆ ಓದಿಗೆ LPM ಎಂಬ ಬೇರೆಯೇ ಆಜ್ಞೆ ಇದೆ. ಹೀಗೆ 1,240 ಬೈಟ್ ಬಿಡುಗಡೆಯಾಗುತ್ತದೆ. ಆದರೆ PROGMEM ಬಳಸಿ ನಾವೇ ಫ್ಲ್ಯಾಶ್‌ನಲ್ಲಿಟ್ಟ ಪಠ್ಯದ ವಿಳಾಸವನ್ನು ಸಾಮಾನ್ಯ ಫಂಕ್ಷನ್ನಿಗೆ ಕೊಟ್ಟರೆ ಅದು ಅದೇ ನಂಬರಿನ ರ‍್ಯಾಮ್ ಮನೆಗೆ ಹೋಗಿ ಸಿಕ್ಕಿದ್ದನ್ನು ಓದಿಕೊಂಡು ಬರುತ್ತದೆ. ಕಂಪೈಲರ್ ತುಟಿ ಬಿಚ್ಚುವುದಿಲ್ಲ.

ಇಇಪ್ರಾಮ್‌ನ ಕಥೆ ಬೇರೆ. ಅದಕ್ಕೆ ನೇರ ದಾರಿಯಿಲ್ಲ. ವಿಳಾಸವನ್ನು ಒಂದು ವಿಶೇಷ ರಿಜಿಸ್ಟರಿನಲ್ಲೂ ಬೈಟನ್ನು ಇನ್ನೊಂದರಲ್ಲೂ ಇಟ್ಟು, ಮೂರನೆಯದರಲ್ಲಿ ಅಪ್ಪಣೆ ಕೊಡಬೇಕು. ಒಂದು ಬೈಟ್ ಬರೆಯಲು ಸುಮಾರು 3.4 ಮಿಲಿಸೆಕೆಂಡು. ಓದುವುದಕ್ಕೆ ಮಿತಿಯಿಲ್ಲ, ಬರೆಯುವುದಕ್ಕೆ ಇದೆ: ಒಂದು ಕೋಶಕ್ಕೆ 1,00,000 ಬಾರಿಯವರೆಗೆ ತಯಾರಕರ ಭರವಸೆ. ತೇವದ ಅಳತೆಯನ್ನು ಸೆಕೆಂಡಿಗೊಮ್ಮೆ ಒಂದೇ ಜಾಗಕ್ಕೆ ಬರೆದರೆ ಆ ಭರವಸೆ 28 ಗಂಟೆಯೊಳಗೆ ಮುಗಿಯುತ್ತದೆ. EEPROM.update() ಮೊದಲು ಓದಿ ನೋಡಿ, ಬೆಲೆ ಬದಲಾಗಿದ್ದರೆ ಮಾತ್ರ ಬರೆಯುತ್ತದೆ. ಪ್ರತಿ ಸಲವೂ ಬದಲಾಗುವ ಅಳತೆಗೆ ಅದರಿಂದ ಪ್ರಯೋಜನವಿಲ್ಲ. ಆಗ ಎರಡು ಬೈಟ್ ಅಳತೆಯ ಜೊತೆಗೆ ಎರಡು ಬೈಟ್ ಕ್ರಮಸಂಖ್ಯೆ ಸೇರಿಸಿ, 256 ಜಾಗಗಳಲ್ಲಿ ಸರದಿಯಂತೆ ಬರೆಯುತ್ತಾ ಹೋಗಬೇಕು. 28 ಗಂಟೆಯ ಆಯಸ್ಸು ಸುಮಾರು ಹತ್ತು ತಿಂಗಳಾಗುತ್ತದೆ. ಕರೆಂಟ್ ಮರಳಿದಾಗ ಜಾಗಗಳನ್ನು ಸಾಲಾಗಿ ಓದಿದರೆ, ಕ್ರಮಸಂಖ್ಯೆ ಎಲ್ಲಿ ಮುರಿದಿದೆಯೋ ಅದರ ಹಿಂದಿನದೇ ಕೊನೆಯ ಅಳತೆ.