ಮಾಸ್ಕಿನ ಅಂಚಿನಲ್ಲಿ ಸೋರುವ ಔಷಧ

"ಡಾಕ್ಟ್ರೇ, ನಮ್ಗೆ ಪಂಪ್ ಬೇಡ. ಮಿಷನ್ನೇ ಹಾಕಿ. ಮಿಷನ್ನಲ್ಲಾದ್ರೆ ಹೊಗೆ ಬರೋದು ಕಣ್ಣಿಗೆ ಕಾಣ್ತದೆ."

ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಮಕ್ಕಳ ವೈದ್ಯನಾಗಿರುವ ನನಗೆ ಮಳೆಗಾಲದಲ್ಲಿ ಈ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಈ ಸಲ ಹೇಳಿದವರು ಎರಡೂವರೆ ವರ್ಷದ ಮೊಮ್ಮಗಳನ್ನು ಕರೆತಂದಿದ್ದ ಅಜ್ಜಿ. ಮಗುವಿಗೆ ಮೂರು ದಿನದಿಂದ ನೆಗಡಿ, ಹಿಂದಿನ ರಾತ್ರಿಯಿಂದ ಎದೆಯಲ್ಲಿ ಸುಯ್ಯೆನ್ನುವ ಸದ್ದು. ಇದೇ ವರ್ಷ ಮೂರನೇ ಸಲ. ಮನೆಯಲ್ಲಿ ನೆಬ್ಯುಲೈಸರ್ ಇದೆ, ಹಿಂದೆ ಬರೆದುಕೊಟ್ಟಿದ್ದ ಸಾಲ್ಬುಟಮಾಲ್ ಕೂಡ ಇದೆ. ರಾತ್ರಿಯಿಂದ ಬೆಳಗಿನೊಳಗೆ ಮೂರು ಸಲ ಕೊಟ್ಟಿದ್ದರು. ಉಬ್ಬಸ ಇಳಿದಿರಲಿಲ್ಲ.

ಮಗುವನ್ನು ನೋಡಿದೆ. ಉಸಿರು ಸ್ವಲ್ಪ ಜೋರು, ಪಕ್ಕೆ ತುಸು ಎಳೆಯುತ್ತಿತ್ತು, ರಕ್ತದ ಆಮ್ಲಜನಕ 96. ನೀರು ಕುಡಿಯುತ್ತಿದ್ದಳು, ನನ್ನ ಸ್ಟೆತಾಸ್ಕೋಪ್ ಕಿತ್ತುಕೊಳ್ಳಲು ನೋಡುತ್ತಿದ್ದಳು. ಗಾಬರಿಪಡುವ ಸ್ಥಿತಿಯಲ್ಲ. ಹಾಗಾದರೆ ಮೂರು ಸಲದ ಔಷಧ ಎಲ್ಲಿ ಹೋಯಿತು? ಮನೆಯಲ್ಲಿ ಹೇಗೆ ಕೊಟ್ಟಿರೋ ಹಾಗೇ ತೋರಿಸಿ ಎಂದು ತಾಯಿಯನ್ನು ಕೇಳಿದೆ. ಅವರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮಾಸ್ಕನ್ನು ಮುಖದಿಂದ ನಾಲ್ಕು ಬೆರಳು ದೂರ ಹಿಡಿದರು. "ಹತ್ರ ತಂದ್ರೆ ಅಳ್ತಾಳೆ ಸರ್" ಎಂದರು.

ಉತ್ತರ ಆ ನಾಲ್ಕು ಬೆರಳಿನಲ್ಲೇ ಇತ್ತು. ನೆಬ್ಯುಲೈಸರ್ ಔಷಧವನ್ನು ಬಹಳ ಸಣ್ಣ ಹನಿಗಳಾಗಿ ಒಡೆಯುತ್ತದೆ. ಗಾಳಿಯಲ್ಲಿ ಅವು ಹೊಗೆಯ ಹಾಗೆ ಹರಡಿಕೊಳ್ಳುತ್ತವೆ. ಮಾಸ್ಕು ಒಂದೆರಡು ಸೆಂಟಿಮೀಟರ್ ಆಚೆ ಸರಿದರೂ ಮಗು ಎಳೆದುಕೊಳ್ಳುವ ಉಸಿರಿನಲ್ಲಿ ಕೋಣೆಯ ಗಾಳಿಯೇ ಹೆಚ್ಚು, ಔಷಧ ಬಹಳ ಕಡಿಮೆ. ನಾಲ್ಕು ಬೆರಳು ದೂರದಲ್ಲಿ ಕೊಟ್ಟರೆ ಕೊಡದಿದ್ದಂತೆಯೇ. ಅಜ್ಜಿ ಕಣ್ಣಾರೆ ಕಂಡ ಹೊಗೆ ನಿಜವಾದದ್ದೇ. ಆದರೆ ಕಣ್ಣಿಗೆ ಕಂಡದ್ದು ಎದೆಗೆ ಹೋಗದೆ ಹೊರಗೆ ಉಳಿದ ಔಷಧ.

ಮಾಸ್ಕು ಸರಿಯಾಗಿ ಕೂತಾಗಲೂ ಈ ಯಂತ್ರದಲ್ಲಿ ಔಷಧ ಸಾಕಷ್ಟು ಪೋಲಾಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಪುಟ್ಟ ಪ್ಲಾಸ್ಟಿಕ್ ಕೊಳವೆಯಲ್ಲಿ ಸಾಮಾನ್ಯವಾಗಿ 2.5 ಮಿಲಿಲೀಟರ್ ದ್ರವ, ಅದರಲ್ಲಿ 2.5 ಮಿಲಿಗ್ರಾಂ ಸಾಲ್ಬುಟಮಾಲ್ ಇರುತ್ತದೆ. ಯಂತ್ರ ಕೊನೆಗೆ ಗೊರಗೊರ ಎಂದು ಹೊಗೆ ನಿಲ್ಲಿಸಿದಾಗ ಕಪ್ಪಿನ ತಳದಲ್ಲಿ ಸುಮಾರು ಒಂದು ಮಿಲಿಲೀಟರ್ ಉಳಿದುಬಿಡುತ್ತದೆ. ವೈದ್ಯರು ಕೆಲವೊಮ್ಮೆ ಸಲೈನ್ ಬೆರೆಸಿ ಮೂರು–ನಾಲ್ಕು ಮಿಲಿಲೀಟರ್ ಮಾಡಿಕೊಳ್ಳಿ ಎನ್ನುವುದು ಇದಕ್ಕೇ. ಔಷಧ ತೆಳ್ಳಗಾದಷ್ಟೂ ತಳದಲ್ಲಿ ಉಳಿಯುವ ಪಾಲು ಕಡಿಮೆ. ಮಗು ಉಸಿರು ಬಿಡುವಾಗಲೂ ಯಂತ್ರ ಹೊಗೆ ಬಿಡುತ್ತಲೇ ಇರುತ್ತದೆ, ಅದೆಲ್ಲ ಹೊರಗೆ. ಇಷ್ಟೆಲ್ಲ ಕಳೆದು ಶ್ವಾಸಕೋಶಕ್ಕೆ ಸೇರುವುದು ಒಂದು ಸಣ್ಣ ಪಾಲು.

ಇನ್‌ಹೇಲರ್ ಅಂದರೆ ಜನರ ಬಾಯಲ್ಲಿ ಪಂಪ್. ಒಮ್ಮೆ ಒತ್ತಿದರೆ ಬರುವುದು ನೂರು ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಪಾಲು. ಇಷ್ಟರಿಂದ ಏನಾದೀತು ಎಂದು ಹಿರಿಯರಿಗೆ ಅನ್ನಿಸುವುದು ಸಹಜ. ಆದರೆ ಮಗುವಿನ ಬಾಯಿಗೂ ಪಂಪಿಗೂ ನಡುವೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಡಬ್ಬಿ ಇಟ್ಟರೆ ಲೆಕ್ಕ ಬೇರೆಯಾಗುತ್ತದೆ. ರಭಸವಾಗಿ ಹಾರಿಬಂದ ಔಷಧ ಡಬ್ಬಿಯೊಳಗೆ ನಿಧಾನಗೊಳ್ಳುತ್ತದೆ, ದಪ್ಪ ಹನಿಗಳು ಅದರ ಗೋಡೆಗೆ ಅಂಟಿಕೊಳ್ಳುತ್ತವೆ, ಸಣ್ಣ ಹನಿಗಳಷ್ಟೇ ಮಗುವಿನ ಉಸಿರಿಗಾಗಿ ಕಾದು ನಿಲ್ಲುತ್ತವೆ. ಡಬ್ಬಿಯ ಬಾಯಲ್ಲಿರುವ ತೆಳು ವಾಲ್ವ್ ಮಗು ಉಸಿರೆಳೆದಾಗ ಮಾತ್ರ ತೆರೆಯುತ್ತದೆ. ಉಸಿರು ಬಿಟ್ಟಾಗ ಮುಚ್ಚಿಕೊಳ್ಳುತ್ತದೆ.

ಉಬ್ಬಸ ತೀರಾ ಪ್ರಾಣಾಪಾಯದ ಮಟ್ಟಕ್ಕೆ ಹೋಗದ ಮಕ್ಕಳಲ್ಲಿ ಈ ಎರಡನ್ನೂ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ವಿಮರ್ಶೆಯ 2013ರ ಆವೃತ್ತಿಯಲ್ಲಿ ಸ್ಪೇಸರ್ ಯಾವುದರಲ್ಲೂ ಹಿಂದೆ ಬಿದ್ದಿಲ್ಲ. ಆಸ್ಪತ್ರೆಗೆ ದಾಖಲಾಗುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ಪೇಸರಿನಲ್ಲಿ ಔಷಧ ಪಡೆದ ಮಕ್ಕಳು ತುರ್ತು ವಿಭಾಗದಿಂದ ಬೇಗ ಮನೆಗೆ ಹೋದರು, ಅವರ ಎದೆಬಡಿತವೂ ಅಷ್ಟು ಏರಲಿಲ್ಲ. ನೆಬ್ಯುಲೈಸರಿನ ಹೊಗೆ ಮುಗಿಯಲು ಹತ್ತು ನಿಮಿಷ ಬೇಕು. ಪಂಪಿನ ಎರಡು ಒತ್ತಿಗೆ ಎರಡೇ ನಿಮಿಷ ಸಾಕು. ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟ್ ಇಲ್ಲದ ನಮ್ಮ ಕಡೆಯ ಮನೆಗಳಿಗೆ ಬೇರೆ ಕಾರಣವೇ ಬೇಡ ಎಂದು ನನಗನ್ನಿಸುತ್ತದೆ.

ಆದರೆ ಇಷ್ಟೂ ಸತ್ಯವಾಗುವುದು ಮಾಸ್ಕು ಮುಖಕ್ಕೆ ಕೂತಾಗ. ಸ್ಪೇಸರಿನ ಮಾಸ್ಕಿನಲ್ಲಿ ಸಂದು ಉಳಿದರೆ ಮಗು ಆ ಸಂದಿನಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ವಾಲ್ವ್ ತೆರೆಯುವುದೇ ಇಲ್ಲ, ಔಷಧ ಡಬ್ಬಿಯೊಳಗೇ ಉಳಿಯುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಮಗುವಿನ ಪ್ರತಿ ಉಸಿರಿಗೂ ವಾಲ್ವ್ ಅಲುಗುವುದು ಕಣ್ಣಿಗೆ ಕಾಣಬೇಕು, ಕೆಲವು ಸ್ಪೇಸರ್‌ಗಳಲ್ಲಿ ಟಿಕ್ ಎಂಬ ಸಣ್ಣ ಸದ್ದೂ ಕೇಳುತ್ತದೆ. ನಾನು ಅಜ್ಜಿಗೆ ಹೇಳಿದ್ದೂ ಇದನ್ನೇ: "ಅಜ್ಜೀ, ಹೊಗೆ ನೋಡ್ಬೇಡಿ, ಈ ಪರದೆ ನೋಡಿ. ಅದು ಅಲುಗಿದ್ರೆ ಔಷಧ ಒಳಗೆ ಹೋಯ್ತು ಅಂತ ಲೆಕ್ಕ."

ಮಾಸ್ಕಿನ ಅಳತೆ ಹೀಗೆ. ಮೇಲಂಚು ಮೂಗಿನ ಏಣಿನ ಮೇಲೆ ಕೂರಬೇಕು, ಕಣ್ಣಿನ ಹತ್ತಿರ ಹೋಗಬಾರದು. ಕೆಳಗಿನ ಅಂಚು ಕೆಳತುಟಿ ಮತ್ತು ಗಲ್ಲದ ನಡುವಿನ ತಗ್ಗಿನಲ್ಲಿ ನಿಲ್ಲಬೇಕು, ಗಲ್ಲ ದಾಟಿ ಇಳಿಯಬಾರದು. ಅಂಚು ಮೆತ್ತನೆಯ ಸಿಲಿಕೋನ್ ಆಗಿದ್ದರೆ ಕೆನ್ನೆಯ ಉಬ್ಬುತಗ್ಗಿಗೆ ತಾನೇ ಹೊಂದಿಕೊಳ್ಳುತ್ತದೆ. ಮಗು ಬೆಳೆದೀತೆಂದು ಒಂದು ಸೈಜ್ ದೊಡ್ಡದು ಕೊಳ್ಳುವುದು ಬಟ್ಟೆಗೆ ಸರಿ, ಮಾಸ್ಕಿಗೆ ಸಲ್ಲದು. ನಾಲ್ಕೈದು ವರ್ಷದ ಹೊತ್ತಿಗೆ ಮಗು ತುಟಿ ಬಿಗಿಹಿಡಿದು ಬಾಯಿಂದ ಉಸಿರಾಡಲು ಕಲಿತರೆ ಮಾಸ್ಕು ತೆಗೆದು ಸ್ಪೇಸರಿನ ಕೊಳವೆಯನ್ನೇ ಬಾಯಿಗಿಡಬಹುದು.

ಇನ್ನು ಅಳು. ಅತ್ತಾಗ ಮಗು ಉಸಿರನ್ನು ಆಳವಾಗಿ ಎಳೆದುಕೊಳ್ಳುತ್ತದೆ, ಔಷಧ ಚೆನ್ನಾಗಿ ಇಳಿಯುತ್ತದೆ ಎಂಬ ನಂಬಿಕೆ ಮನೆಗಳಲ್ಲಷ್ಟೇ ಅಲ್ಲ, ಆಸ್ಪತ್ರೆಗಳಲ್ಲೂ ಇದೆ. ಆಗುವುದು ಇದಕ್ಕೆ ಉಲ್ಟಾ. ಅಳು ಎಂದರೆ ಉದ್ದನೆಯ ಹೊರಉಸಿರು, ನಡುನಡುವೆ ಗಕ್ಕನೆ ಒಂದು ಒಳಉಸಿರು. ಆ ರಭಸಕ್ಕೆ ಔಷಧ ಗಂಟಲಿಗೆ ಬಡಿದು ಅಲ್ಲೇ ಕೂರುತ್ತದೆ, ಮಗು ಅದನ್ನು ನುಂಗಿಬಿಡುತ್ತದೆ. ಶ್ವಾಸಕೋಶದ ಪಾಲಿಗೆ ಹೆಚ್ಚೇನೂ ಉಳಿಯುವುದಿಲ್ಲ.

ಆದ್ದರಿಂದ ಆ ದಿನ ಮೊದಲು ಔಷಧವೇ ಇಲ್ಲದ ಮಾಸ್ಕನ್ನು ಮಗುವಿನ ಕೈಗೆ ಕೊಟ್ಟೆವು. ಅವಳು ಅದನ್ನು ಅಜ್ಜಿಯ ಮೂಗಿಗೆ ಇಟ್ಟಳು, ಆಮೇಲೆ ತನ್ನ ಮೂಗಿಗೆ. ತಾಯಿ ಅವಳ ಬೆನ್ನನ್ನು ತನ್ನ ಎದೆಗೆ ಒರಗಿಸಿ ಕೂರಿಸಿಕೊಂಡರು, ಒಂದು ಕೈ ಹಣೆಯ ಮೇಲೆ, ಇನ್ನೊಂದು ಸ್ಪೇಸರಿನ ಮೇಲೆ. ಪಂಪನ್ನು ಚೆನ್ನಾಗಿ ಅಲ್ಲಾಡಿಸಿ, ಸ್ಪೇಸರಿನ ಹಿಂಬದಿಗೆ ಸಿಕ್ಕಿಸಿ, ಮಾಸ್ಕು ಕೂತ ಮೇಲೆ ಒಂದೇ ಒಂದು ಸಲ ಒತ್ತಿದೆ. ಪರದೆ ಆರು ಸಲ ಅಲುಗುವವರೆಗೆ ಅಜ್ಜಿ ಗಟ್ಟಿಯಾಗಿ ಎಣಿಸಿದರು. ಅರ್ಧ ನಿಮಿಷ ಬಿಟ್ಟು ಮತ್ತೆ ಅಲ್ಲಾಡಿಸಿ ಎರಡನೆಯದು. ಎರಡನ್ನೂ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಕೂಡಿ ದಪ್ಪವಾಗಿ ಡಬ್ಬಿಗೇ ಅಂಟುತ್ತವೆ. ಇಪ್ಪತ್ತು ನಿಮಿಷದ ನಂತರ ಇನ್ನೆರಡು ಕೊಟ್ಟೆವು. ಮತ್ತೆ ಇಪ್ಪತ್ತು ನಿಮಿಷಕ್ಕೆ ಎದೆಗೆ ಕಿವಿಗೊಟ್ಟಾಗ ಸದ್ದು ಬಹಳ ಇಳಿದಿತ್ತು, ಪಕ್ಕೆ ಎಳೆಯುವುದು ನಿಂತಿತ್ತು.

ಐದು ವರ್ಷದೊಳಗಿನ ಮಕ್ಕಳಿಗೆ ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿ ಮನೆಯಲ್ಲಿ ಮೊದಲು ಕೊಡಲು ಹೇಳುವುದೂ ಎರಡು ಒತ್ತು. ಬೇಕಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇನ್ನೆರಡು ಸಲ ಕೊಡಬಹುದು. ಮೊದಲ ಎರಡು ಗಂಟೆಯಲ್ಲಿ ಆರು ಒತ್ತಿಗಿಂತ ಹೆಚ್ಚು ಬೇಕಾಯಿತೆಂದರೆ ಮನೆಯಲ್ಲಿ ಕೂರಬಾರದು, ಆಸ್ಪತ್ರೆಗೆ ಹೊರಡಬೇಕು. ಮಗು ಮಾತಾಡಲು ಅಥವಾ ನೀರು ಕುಡಿಯಲು ಆಗದಷ್ಟು ಏದುಸಿರು ಬಿಡುತ್ತಿದ್ದರೆ, ತುಟಿ ನೀಲಿಯಾದರೆ, ಮಂಕಾಗಿ ತೂಗಿದರೆ ಎಣಿಸುತ್ತಾ ಕಾಯುವುದೇ ಬೇಡ. ಉಬ್ಬಸದ ಸದ್ದು ಇದ್ದಕ್ಕಿದ್ದಂತೆ ನಿಂತು ಮಗು ಸುಸ್ತಾಗಿ ಕಂಡರೆ ಅದು ಗುಣವಾದದ್ದಲ್ಲ, ಗಾಳಿಯೇ ಓಡಾಡುತ್ತಿಲ್ಲ ಎಂದರ್ಥ. ಅಂಥ ಮಗುವಿಗೆ ನೆಬ್ಯುಲೈಸರ್ ಬೇಕಾಗುತ್ತದೆ, ಆದರೆ ಆಸ್ಪತ್ರೆಯದು. ಅಲ್ಲಿ ಅದು ಆಮ್ಲಜನಕದಿಂದ ನಡೆಯುತ್ತದೆ. ಮನೆಯ ಯಂತ್ರ ಕೊಡುವುದು ಕೋಣೆಯ ಗಾಳಿಯನ್ನು. ನೆಗಡಿಯೇ ಇಲ್ಲದೆ, ಕಡಲೆಕಾಯಿ ತಿನ್ನುತ್ತಿದ್ದಾಗ ಕೆಮ್ಮಿ ಶುರುವಾದ ಸುಯ್ಯೆನ್ನುವ ಸದ್ದಿಗೆ ಪಂಪೂ ಅಲ್ಲ, ಮಿಷನ್ನೂ ಅಲ್ಲ. ಉಸಿರುನಾಳದಲ್ಲಿ ಕಾಳು ಸಿಕ್ಕಿರಬಹುದು, ತಕ್ಷಣ ತೋರಿಸಬೇಕು.

ಸ್ಪೇಸರಿಗೆ ದುಡ್ಡಿಲ್ಲದಿದ್ದರೆ? ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನ ಮಕ್ಕಳ ವೈದ್ಯೆ ಹೆದರ್ ಜಾರ್ ಮತ್ತು ಸಂಗಡಿಗರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಕೂರುವಷ್ಟೇ ತೂತು ಮಾಡಿ, ಸಂದು ಉಳಿಯದ ಹಾಗೆ ಮುಚ್ಚಿದರೆ ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು. ಅದೇ ಅಧ್ಯಯನದಲ್ಲಿ ಥರ್ಮೋಕೋಲ್ ಲೋಟ ಎಲ್ಲಕ್ಕಿಂತ ಹಿಂದೆ ಬಿತ್ತು. ಪೇಪರ್ ಲೋಟಕ್ಕೆ ಪಂಪ್ ಸಿಕ್ಕಿಸಿ ಕೊಡುವವರನ್ನು ನೋಡಿದಾಗ ನನಗೆ ಆ ಲೋಟ ನೆನಪಾಗುತ್ತದೆ.

ನಾಲ್ಕನೆಯ ದಿನ ಅವರು ಮತ್ತೆ ಬಂದರು. ಮಗು ಚೆನ್ನಾಗಿದ್ದಳು. ಅಜ್ಜಿ ಚೀಲದಿಂದ ಸ್ಪೇಸರ್ ತೆಗೆದರು, ಫಳಫಳ ಹೊಳೆಯುತ್ತಿತ್ತು. "ದಿನಾ ಹಳೇ ಸೀರೆ ತುಂಡಲ್ಲಿ ಒಳಗೆಲ್ಲ ಒರೆಸ್ತೀನಿ" ಎಂದರು. ಆ ಅಕ್ಕರೆಯನ್ನು ನೋಯಿಸದೆ ಹೇಳಬೇಕಾಯಿತು. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರಿನ ಹತ್ತಿರ ಹಿಡಿದರೆ ಚೂರು ಹಾರಿ ಅಂಟುತ್ತದಲ್ಲ, ಒಣಬಟ್ಟೆಯಿಂದ ಉಜ್ಜಿದ ಪ್ಲಾಸ್ಟಿಕ್ ಡಬ್ಬಿಯೂ ಹಾಗೇ. ಔಷಧದ ಹನಿಗಳನ್ನು ಗೋಡೆಗೆ ಎಳೆದುಕೊಳ್ಳುತ್ತದೆ. ಸ್ಪೇಸರನ್ನು ಬಿಡಿಬಿಡಿ ಮಾಡಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಬಿಟ್ಟು, ಕಾಲು ಗಂಟೆ ಮುಳುಗಿಸಿಡಬೇಕು. ಒಳಗೆ ಉಜ್ಜುವಂತಿಲ್ಲ. ಆಮೇಲೆ ಮಾಸ್ಕನ್ನು ಮಾತ್ರ ಒಳ್ಳೆಯ ನೀರಲ್ಲಿ ತೊಳೆದು, ಡಬ್ಬಿಯನ್ನು ನೀರು ಝಾಡಿಸಿ ನಿಲ್ಲಿಸಿ ಒಣಗಲು ಬಿಡಬೇಕು. ಸೋಪಿನ ತೆಳು ಪೊರೆ ಒಳಗೆ ಉಳಿದರೆ ಒಳ್ಳೆಯದೇ, ಆ ವಿದ್ಯುತ್ತಿನ ಸೆಳೆತ ತಡೆಯುವುದು ಅದೇ. ಕೆಲವು ಕಂಪನಿಗಳು ಡಬ್ಬಿಯನ್ನೂ ತೊಳೆಯಿರಿ ಎನ್ನುತ್ತವೆ. ಎಷ್ಟು ದಿನಕ್ಕೊಮ್ಮೆ ಎಂಬುದರ ಜೊತೆಗೆ ಅದನ್ನೂ ಜೊತೆಯ ಚೀಟಿಯಲ್ಲಿ ಓದಿ ಹಾಗೇ ಮಾಡಬೇಕು. ಹೊಸ ಸ್ಪೇಸರನ್ನೂ ಮೊದಲು ಹೀಗೆ ತೊಳೆದೇ ಬಳಸುವುದು ಒಳ್ಳೆಯದು. ಪಂಪಿನ ಪ್ಲಾಸ್ಟಿಕ್ ಕವಚವನ್ನು ವಾರಕ್ಕೊಮ್ಮೆ ನಲ್ಲಿ ನೀರಲ್ಲಿ ತೊಳೆಯದಿದ್ದರೆ ಅದರ ಸಣ್ಣ ತೂತು ಕಟ್ಟಿಕೊಳ್ಳುತ್ತದೆ. ಲೋಹದ ಡಬ್ಬಿಯನ್ನು ನೀರಿಗೆ ಹಾಕಬಾರದು.

ಆ ದಿನ ಅವರ ನೆಬ್ಯುಲೈಸರನ್ನೂ ತರಿಸಿಕೊಂಡಿದ್ದೆ. ಕಪ್ಪಿನ ತಳದಲ್ಲಿ ಹಿಂದಿನ ಸಲದ ಔಷಧ ಹಾಗೇ ಇತ್ತು, ಹುಳಿ ವಾಸನೆ. ಆ ದ್ರವದಲ್ಲಿ ಬೆಳೆಯುವ ರೋಗಾಣು ಮುಂದಿನ ಸಲ ಹೊಗೆಯ ಜೊತೆ ನೇರವಾಗಿ ಎದೆಗೆ ಹೋಗುತ್ತದೆ. ಪ್ರತಿ ಸಲವೂ ಉಳಿದದ್ದನ್ನು ಚೆಲ್ಲಿ, ಕಪ್ಪು ಮತ್ತು ಮಾಸ್ಕನ್ನು ಸೋಪಿನ ಬಿಸಿನೀರಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ, ಗಾಳಿಗೆ ಪೂರ್ತಿ ಒಣಗಿಸಬೇಕು. ನಮ್ಮ ಮಳೆಗಾಲದಲ್ಲಿ ಇದೇ ಕಷ್ಟ, ಒಣಗುವ ಮೊದಲೇ ಡಬ್ಬಿಗೆ ಸೇರುತ್ತದೆ. ಕುದಿಸಬಹುದೋ ಇಲ್ಲವೋ ಎಂಬುದು ಜೊತೆಯ ಪುಸ್ತಕದಲ್ಲಿರುತ್ತದೆ, ಎಲ್ಲ ಪ್ಲಾಸ್ಟಿಕ್ಕೂ ತಾಳುವುದಿಲ್ಲ. ಉದ್ದನೆಯ ಗಾಳಿ ಪೈಪನ್ನು ತೊಳೆಯಬಾರದು, ಒಳಗಿನ ತೇವ ಹೋಗುವುದಿಲ್ಲ. ಹನಿ ಕಂಡರೆ ಕಪ್ಪು ಬಿಚ್ಚಿ ಯಂತ್ರವನ್ನು ಒಂದೆರಡು ನಿಮಿಷ ಬರೀ ಓಡಿಸಿದರೆ ಒಣಗುತ್ತದೆ. ಪೈಪಿನಲ್ಲಿ ಕಪ್ಪು ಚುಕ್ಕೆ ಕಂಡಿತೆಂದರೆ ಬೂಷ್ಟು ಹಿಡಿದಿದೆ, ಹೊಸದು ಕೊಳ್ಳಬೇಕು. ಔಷಧ ತೆಳ್ಳಗೆ ಮಾಡಲು ಸ್ಟೆರೈಲ್ ಸಲೈನ್ ಬಿಟ್ಟು ಬೇರೆ ನೀರು, ಕುದಿಸಿ ಆರಿಸಿದ ನೀರು ಕೂಡ, ಬೇಡ.

ಅಜ್ಜಿ ಹೊರಡುವಾಗ ಸ್ಪೇಸರನ್ನು ಒಮ್ಮೆ ಬೆಳಕಿಗೆ ಹಿಡಿದು, ಊದಿ, ಪರದೆ ಮುಚ್ಚಿಕೊಳ್ಳುವುದನ್ನು ನೋಡಿದರು. "ಇದು ಹರಿದ್ರೆ ಏನ್ಮಾಡೋದು ಡಾಕ್ಟ್ರೇ?" ಎಂದು ಕೇಳಿದರು. ಪರದೆ ಹರಿದರೆ, ಗಟ್ಟಿಯಾಗಿ ಬಾಗದಂತಾದರೆ, ಮಾಸ್ಕಿನ ಅಂಚು ಮುರುಟಿದರೆ ಸ್ಪೇಸರ್ ಬದಲಿಸಬೇಕು ಎಂದೆ. ಅವರು ಮಗಳ ಕಡೆ ತಿರುಗಿ, ಅದನ್ನು ಹಳೇ ಸೀರೆಯಲ್ಲಿ ಸುತ್ತದೆ ಚೀಲದ ಮೇಲ್ಗಡೆ ಇಡಲು ಹೇಳಿದರು.